ಅರವತ್ತು ದಾಟಿದವರಿಗೆ ಮೊಬೈಲಿನ ಹಂಗಿಲ್ಲದ ಆದಾಯ: ಕೊಡಗಿನಲ್ಲಿ ತುಡುವೆ ಜೇನು ಸಾಕುವ ಸಮಗ್ರ ಮಾರ್ಗದರ್ಶಿ

ಅರವತ್ತು ದಾಟಿದೆ, ಕೈಕಾಲು ಗಟ್ಟಿಯಾಗಿವೆ, ಆದರೆ ಮೊಬೈಲಿನ ಪರದೆ ಕಂಡರೆ ಹಿಂಜರಿಕೆ. ಇಂಥವರಿಗೆ ಕೊಡಗಿನಲ್ಲಿ ಏನು ದಾರಿ ಎಂದು ನೋಡಿದರೆ ಮೂರ್ನಾಲ್ಕು ಕೆಲಸಗಳು ಕಾಣುತ್ತವೆ. ಹೋಂಸ್ಟೇ ಈಗ ಬಹುಮಟ್ಟಿಗೆ ಮೊಬೈಲಿನಲ್ಲೇ ನಡೆಯುತ್ತದೆ. ಬುಕಿಂಗ್, ವಿಮರ್ಶೆ, ಹಣ ಎಲ್ಲವೂ ಅಲ್ಲೇ ಇರುವುದರಿಂದ ಮನೆಯಲ್ಲಿ ಮಕ್ಕಳು ಜೊತೆಗಿಲ್ಲದಿದ್ದರೆ ಅದು ಬೇಡ. ಕಾಫಿ ಕೊಯ್ಲಿನ ಕೂಲಿ ಎರಡು ಮೂರು ತಿಂಗಳಿಗೆ ಮುಗಿಯುತ್ತದೆ, ಇಳಿಜಾರಿನಲ್ಲಿ ದಿನವಿಡೀ ನಿಂತು ಮಂಡಿ ನೋಯುತ್ತದೆ. ಕರಿಮೆಣಸಿನ ಬಳ್ಳಿ ಬೇರು ಬರಿಸಿ ಮಾರುವುದು ಒಳ್ಳೆಯ ಕೆಲಸವೇ, ಆದರೆ ಮಣ್ಣಿನ ಚೀಲ ಹೊರಬೇಕು, ದಿನಾ ನೀರು ಹಾಕಬೇಕು, ಸೊರಗು ರೋಗ ಬಂದರೆ ಇಡೀ ಸಾಲು ಹೋಗುತ್ತದೆ.

ನಾವು ಇಲ್ಲಿ ವಿವರವಾಗಿ ಹೇಳುವುದು ಮರದ ಪೆಟ್ಟಿಗೆಯಲ್ಲಿ ಸಾಕಬಹುದಾದ ನಾಡಜೇನು ತುಡುವೆಯ ಸಾಕಣೆಯನ್ನು. ಇದರ ಗಡಿಯಾರ ಬಿಸಿಲು, ಮಳೆ ಮತ್ತು ಹೂವು. ಭಾರ ಎತ್ತುವುದು ಕಡಿಮೆ, ಒಂದೊಂದೇ ಚೌಕಟ್ಟು ತೆಗೆದರೆ ಕೈಗೆ ಬರುವುದು ಕಿಲೋ ಆಸುಪಾಸಿನ ತೂಕ. ಜೇನನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಗಿರಾಕಿಗಳು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಆದರೆ ಇದು ತಿಂಗಳ ಸಂಬಳವಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಹತ್ತು ಪೆಟ್ಟಿಗೆ ಚೆನ್ನಾಗಿ ನೋಡಿಕೊಂಡರೂ ಹಣ ಬರುವುದು ಏಪ್ರಿಲ್-ಮೇ ಹೊತ್ತಿಗೆ ಒಟ್ಟಿಗೆ. ದಿನಸಿ, ಔಷಧಿಯ ಖರ್ಚಿಗೆ ಪಿಂಚಣಿಯೋ ಅಂಚೆ ಕಚೇರಿಯ ಹಿರಿಯ ನಾಗರಿಕರ ಠೇವಣಿಯ ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿಯೋ ಇರಲಿ, ಜೇನಿನ ಹಣ ಅದರ ಮೇಲಿನದ್ದಾಗಲಿ.

ಮೊದಲು ನಿಮ್ಮ ಮೈ, ಆಮೇಲೆ ಪೆಟ್ಟಿಗೆ

ತುಡುವೆ ಜೇನು ಹೆಜ್ಜೇನಿನಷ್ಟು ಉಗ್ರವಲ್ಲ, ಆದರೂ ಕುಟುಕುತ್ತದೆ. ರಕ್ತದೊತ್ತಡಕ್ಕೋ ಹೃದಯಕ್ಕೋ ಮಾತ್ರೆ ತೆಗೆದುಕೊಳ್ಳುವವರು ಪೆಟ್ಟಿಗೆ ಕೊಳ್ಳುವ ಮೊದಲು ವೈದ್ಯರಲ್ಲಿ ಒಂದು ಮಾತು ಕೇಳಲೇಬೇಕು. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನುಂಗುವವರಿಗೆ ಕುಟುಕಿನಿಂದ ಅಲರ್ಜಿಯಾದರೆ ಅದು ಜೋರಾಗಬಹುದು, ಅದಕ್ಕೆ ಕೊಡುವ ಚುಚ್ಚುಮದ್ದೂ ಸರಿಯಾಗಿ ಕೆಲಸ ಮಾಡದಿರಬಹುದು. ಕುಟುಕಿದ ಜಾಗ ಮಾತ್ರ ಊದಿ ಉರಿದರೆ ಹೆದರಬೇಕಿಲ್ಲ. ಮೈಯೆಲ್ಲ ದದ್ದು ಎದ್ದರೆ, ತುಟಿ ಅಥವಾ ಗಂಟಲು ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಿಂದೆ ಒಮ್ಮೆಯಾದರೂ ಹೀಗಾಗಿದ್ದವರಿಗೆ ಈ ಕೆಲಸ ಬೇಡವೇ ಬೇಡ. ಮುಳ್ಳು ಚುಚ್ಚಿಕೊಂಡರೆ ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ತಡವಾದಷ್ಟೂ ವಿಷ ಒಳಗಿಳಿಯುತ್ತದೆ.

ಕಲಿಯಲು ಮೊಬೈಲ್ ವಿಡಿಯೊ ಬೇಕಿಲ್ಲ. ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ಜೇನು ಕೃಷಿ ಕೇಂದ್ರವಿದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಖುದ್ದಾಗಿ ಹೋಗಿ ಹೆಸರು ಬರೆಸಿ ಬನ್ನಿ. ಪೆಟ್ಟಿಗೆ ಮತ್ತು ಜೇನು ಕುಟುಂಬಕ್ಕೆ ತೋಟಗಾರಿಕೆ ಇಲಾಖೆಯ ಸಹಾಯಧನವೂ ಇರುತ್ತದೆ. ಅದರ ಪ್ರಮಾಣ, ಅರ್ಜಿಯ ಅವಧಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಬೇಸಿಗೆಯಲ್ಲೇ ವಿಚಾರಿಸಿಡಿ. ಪಹಣಿ, ಆಧಾರ್, ಪಾಸ್‌ಬುಕ್ಕಿನ ನಕಲು ಕೈಯಲ್ಲಿರಲಿ.

ಯಾವಾಗ ಕೊಳ್ಳಬೇಕು, ಏನು ನೋಡಿ ಕೊಳ್ಳಬೇಕು

ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲಿ. ಏಪ್ರಿಲ್‌ನಲ್ಲಿ ಪಕ್ಕದವರು ಜೇನು ತೆಗೆಯುವುದನ್ನು ಕಂಡು ಆಸೆಯಾಗಿ ಮೇ ತಿಂಗಳಲ್ಲಿ ಕುಟುಂಬ ಕೊಳ್ಳುತ್ತಾರೆ. ಜೂನ್‌ಗೆ ಮಳೆ ಹಿಡಿಯುತ್ತದೆ, ಹೂವಿಲ್ಲ, ಜೇನುನೊಣಕ್ಕೆ ಹೊರಗೆ ಹಾರಲಾಗುವುದಿಲ್ಲ. ಆಟಿ-ಕಕ್ಕಡದ ಮಳೆ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಖಾಲಿ. ಕೊಳ್ಳಲು ತಕ್ಕ ಕಾಲ ಕಾವೇರಿ ಸಂಕ್ರಮಣದಿಂದ ಹುತ್ತರಿಯವರೆಗೆ. ಆಗ ಮಳೆ ತಗ್ಗಿ ಕಾಡುಹೂ ಬಿಟ್ಟು ಕುಟುಂಬ ಬೆಳೆಯುತ್ತಿರುತ್ತದೆ, ಕಾಫಿ ಹೂವಿಗೆ ಮುಂಚೆ ನಿಮ್ಮ ಕೈ ಪಳಗಲು ಮೂರು ತಿಂಗಳು ಸಿಗುತ್ತದೆ.

ಪೆಟ್ಟಿಗೆಯಲ್ಲಿ ಕೆಳಗೆ ರಾಣಿ ಮೊಟ್ಟೆಯಿಟ್ಟು ಮರಿ ಬೆಳೆಯುವ ಸಂಸಾರ ಕೋಣೆ, ಅದರ ಮೇಲೆ ಅರ್ಧ ಎತ್ತರದ ಜೇನುಕೋಣೆ. ನೊಣಗಳು ಎರಿ, ಅಂದರೆ ಮೇಣದ ಕೋಶಗಳ ಹಲ್ಲೆ, ಕಟ್ಟುವುದು ಒಳಗೆ ಇಳಿಬಿಟ್ಟ ಮರದ ಚೌಕಟ್ಟುಗಳಲ್ಲಿ. ಎಂಟು ಚೌಕಟ್ಟಿನ ಪೆಟ್ಟಿಗೆ ಸಾಕು. ಒಂದೇ ಅಳತೆಯ ಪೆಟ್ಟಿಗೆಗಳನ್ನೇ ಕೊಳ್ಳಿ. ಬೇರೆ ಬೇರೆ ಬಡಗಿಗಳ ಪೆಟ್ಟಿಗೆಗಳಾದರೆ ಒಂದರ ಚೌಕಟ್ಟು ಇನ್ನೊಂದಕ್ಕೆ ಕೂರದೆ ಮುಂದೆ ಒಂದು ಕುಟುಂಬವನ್ನು ಎರಡಾಗಿ ಪಾಲು ಮಾಡುವಾಗ ಪರದಾಡಬೇಕಾಗುತ್ತದೆ. ಸಂದುಗಳಲ್ಲಿ ನೊಣ ಓಡಾಡುವಷ್ಟೇ ಜಾಗ ಇರಬೇಕು, ಸುಮಾರು ಏಳೆಂಟು ಮಿಲಿಮೀಟರ್. ಅದಕ್ಕಿಂತ ಅಗಲವಿದ್ದರೆ ಅಲ್ಲೂ ಎರಿ ಕಟ್ಟಿ ಚೌಕಟ್ಟುಗಳನ್ನು ಅಂಟಿಸಿಬಿಡುತ್ತವೆ.

ಕುಟುಂಬ ಕೊಳ್ಳುವಾಗ ಮುಚ್ಚಳ ತೆಗೆಸಿ ನೋಡದೆ ಹಣ ಕೊಡಬೇಡಿ. ಐದಾರು ಚೌಕಟ್ಟಿನ ಎರಿಗಳ ಮೇಲೆ ನೊಣ ತುಂಬಿ ಕೂತಿರಬೇಕು. ಮುಖ್ಯವಾಗಿ ಮೊಟ್ಟೆ ಕಾಣಬೇಕು. ಮೊಟ್ಟೆ ಅಕ್ಕಿಯ ತುಂಡಿಗಿಂತಲೂ ಸಣ್ಣದು, ಬಿಳಿ ದಾರದ ಚೂರಿನಂತೆ ಕೋಶದ ತಳದಲ್ಲಿ ನಿಂತಿರುತ್ತದೆ. ವಯಸ್ಸಾದ ಕಣ್ಣಿಗೆ ಇದು ಸುಲಭಕ್ಕೆ ಕಾಣದು. ಓದುವ ಕನ್ನಡಕವನ್ನು ಮುಖದ ಬಲೆಯೊಳಗೆ ಹಾಕಿಕೊಳ್ಳಿ, ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಿ, ಬಿಸಿಲು ನಿಮ್ಮ ಹೆಗಲ ಮೇಲಿಂದ ಕೋಶದ ತಳಕ್ಕೆ ಬೀಳುವಂತೆ ಚೌಕಟ್ಟನ್ನು ತುಸು ಓರೆ ಮಾಡಿ. ಒಂದು ಕೋಶದಲ್ಲಿ ಒಂದೇ ಮೊಟ್ಟೆ ನಡುವಿನಲ್ಲಿದ್ದರೆ ರಾಣಿ ಚೆನ್ನಾಗಿದ್ದಾಳೆ ಎಂದರ್ಥ. ರಾಣಿಯನ್ನು ಕಣ್ಣಾರೆ ಕಾಣಲೇಬೇಕೆಂದಿಲ್ಲ. ಒಂದೇ ಕೋಶದಲ್ಲಿ ಮೂರ್ನಾಲ್ಕು ಮೊಟ್ಟೆ, ಅದೂ ಗೋಡೆಗೆ ಅಂಟಿ ಅಡ್ಡಾದಿಡ್ಡಿ ಇದ್ದರೆ ರಾಣಿ ಸತ್ತು ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ. ಅವುಗಳಿಂದ ಬರೀ ಗಂಡು ನೊಣ ಹುಟ್ಟುತ್ತವೆ, ಆ ಕುಟುಂಬ ಉಳಿಯದು.

ಇಡುವ ಜಾಗ ಮತ್ತು ಮೊದಲ ವಾರ

ಬಾಗಿಲು ಪೂರ್ವಕ್ಕೋ ಆಗ್ನೇಯಕ್ಕೋ ಇರಲಿ, ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನಕ್ಕೆ ನೆರಳಿರಲಿ. ಮರದ ಹನಿ ನೇರವಾಗಿ ತೊಟ್ಟಿಕ್ಕುವ ಜಾಗ ಬೇಡ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಆರೇಳು ಅಡಿ ಬಿಡಿ. ಸ್ಟ್ಯಾಂಡನ್ನು ನಿಮ್ಮ ಸೊಂಟದ ಎತ್ತರಕ್ಕೆ ಮಾಡಿಸಿಕೊಳ್ಳಿ, ಬಗ್ಗಿ ನೋಡುವ ಕಷ್ಟ ತಪ್ಪುತ್ತದೆ. ಕಾಲುಗಳಿಗೆ ನೀರು ಅಥವಾ ಹಳೆ ಎಣ್ಣೆ ತುಂಬಿದ ಬಟ್ಟಲು ಇಟ್ಟರೆ ಇರುವೆ ಹತ್ತದು. ಬಟ್ಟಲಿಗೆ ಒಂದು ಒಣ ಎಲೆ ಬಿದ್ದು ಸೇತುವೆಯಾದರೂ ಸಾಕು, ರಾತ್ರೋರಾತ್ರಿ ಇರುವೆ ನುಗ್ಗುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಬಟ್ಟಲಿನ ಕಡೆ ಕಣ್ಣು ಹಾಯಿಸುವುದು ರೂಢಿಯಾಗಲಿ.

ಪೆಟ್ಟಿಗೆಯನ್ನು ಸಂಜೆ ಕತ್ತಲಾದ ಮೇಲೆ ಬಾಗಿಲು ಮುಚ್ಚಿ ಸಾಗಿಸಿ, ಮರುದಿನ ಬೆಳಿಗ್ಗೆ ತೆರೆಯಿರಿ. ತುಡುವೆಗೆ ಓಡಿಹೋಗುವ ಸ್ವಭಾವ ಹೆಚ್ಚು. ಮೊದಲ ಐದಾರು ದಿನ ಬಾಗಿಲಿಗೆ ರಾಣಿ ತಡೆ ಹಾಕಿದರೆ ನೊಣ ಓಡಾಡುತ್ತವೆ, ರಾಣಿ ಮಾತ್ರ ಹೊರಬೀಳಲಾರಳು. ಅವಳಿಲ್ಲದೆ ಉಳಿದವು ಹೋಗುವುದಿಲ್ಲ. ನೊಣಗಳು ಕಾಲಿನಲ್ಲಿ ಹಳದಿ ಪರಾಗ ಹೊತ್ತು ತರಲು ಶುರುವಾದರೆ ಕುಟುಂಬ ನೆಲೆಗೊಂಡಂತೆ, ಆಗ ತಡೆ ತೆಗೆಯಿರಿ. ಪರಾಗ ಬರುವುದು ನಿಂತು, ಮೊಟ್ಟೆ ಕಾಣದೆ, ಕೂಡಿಟ್ಟ ಜೇನನ್ನೂ ತಿಂದು ಮುಗಿಸಿದ್ದರೆ ಅವು ಹೊರಡಲು ಸಿದ್ಧವಾಗಿವೆ. ಅಂದೇ ಸಂಜೆ ಸಕ್ಕರೆ ಪಾಕ ಕೊಡಿ, ಇರುವೆಯೋ ಮೇಣದ ಹುಳುವೋ ಕಾರಣವಾಗಿದ್ದರೆ ಅದನ್ನು ತೆಗೆಯಿರಿ.

ತಪಾಸಣೆ ಎಂಟು ಹತ್ತು ದಿನಕ್ಕೊಮ್ಮೆ ಸಾಕು. ಮಂಜು ಕರಗಿ ಬಿಸಿಲು ಬಂದ ಮೇಲೆ, ಸುಮಾರು ಹತ್ತು ಗಂಟೆಗೆ ಮಾಡಿ. ದಿನಾ ತೆರೆದು ನೋಡುವ ಆಸೆ ಒಳ್ಳೆಯದಲ್ಲ. ಹೊಗೆಡಬ್ಬಿಯಿಂದ ಎರಡು ಮೂರು ಬಾರಿ ತಣ್ಣನೆಯ ಹೊಗೆ ಕೊಟ್ಟರೆ ಸಾಕು.

ಮಳೆಗಾಲ ದಾಟಿಸುವುದು

ಕೊಡಗಿನಲ್ಲಿ ಜೇನು ಸಾಕುವವನ ಜಾಣ್ಮೆ ತಿಳಿಯುವುದು ಬೇಸಿಗೆಯಲ್ಲಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೇ ತಿಂಗಳಲ್ಲೇ ಜೇನುಕೋಣೆ ಕಳಚಿಡಿ. ಕೆಳಗಿನ ಕೋಣೆಯಲ್ಲೂ ನೊಣ ಮುಚ್ಚದ ಖಾಲಿ ಎರಿಗಳನ್ನು ತೆಗೆದು, ನೊಣ ತುಂಬಿದ ನಾಲ್ಕೈದು ಚೌಕಟ್ಟು ಮಾತ್ರ ಉಳಿಸಿ. ನೊಣ ಕಾವಲಿಲ್ಲದ ಎರಿಗೆ ಮೇಣದ ಪತಂಗ ಮೊಟ್ಟೆ ಇಡುತ್ತದೆ. ಎರಿಯೊಳಗೆ ಜೇಡರ ಬಲೆಯಂಥ ನೂಲು, ಅಡಿಮಣೆಯ ಮೇಲೆ ಕರಿಸಾಸಿವೆಯಂಥ ಹಿಕ್ಕೆ ಕಂಡರೆ ಅದೇ. ವಾರಕ್ಕೊಮ್ಮೆ ಅಡಿಮಣೆ ಒರೆಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ತೆಗೆದ ಎರಿಗಳನ್ನು ಮೂಲೆಯಲ್ಲಿ ಪೇರಿಸಿಡದೆ ಬಿಸಿನೀರಿನಲ್ಲಿ ಕರಗಿಸಿ ಮೇಣ ಮಾಡಿ. ಅದಕ್ಕೂ ಬೆಲೆಯಿದೆ.

ಪೆಟ್ಟಿಗೆಯ ಮೇಲೆ ತಗಡು ಹಾಕಿ, ನೀರು ಒಳಗೆ ನಿಲ್ಲದಂತೆ ಪೆಟ್ಟಿಗೆ ತುಸು ಮುಂದಕ್ಕೆ ಬಾಗಿರಲಿ. ಆಹಾರಕ್ಕೆ ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು ಕುದಿಸಿ ಆರಿಸಿ, ವಾರಕ್ಕೆ ಪೆಟ್ಟಿಗೆಗೆ 200 ಗ್ರಾಂ ಸಕ್ಕರೆಯ ಲೆಕ್ಕದಲ್ಲಿ ಕೊಡಿ. ಹದಿನಾರು ವಾರಕ್ಕೆ ಪೆಟ್ಟಿಗೆಗೆ ಮೂರು ಕಿಲೋ ಚಿಲ್ಲರೆ ಸಕ್ಕರೆ ಆಗುತ್ತದೆ. ಪಾಕವನ್ನು ಸಂಜೆಯೇ ಕೊಡಬೇಕು, ಎಲ್ಲ ಪೆಟ್ಟಿಗೆಗಳಿಗೂ ಒಟ್ಟಿಗೇ ಕೊಡಬೇಕು, ಒಂದು ಹನಿಯೂ ಹೊರಗೆ ಚೆಲ್ಲಬಾರದು. ಹಗಲು ಕೊಟ್ಟರೆ ಬಲವಾದ ಕುಟುಂಬ ದುರ್ಬಲ ಕುಟುಂಬಕ್ಕೆ ನುಗ್ಗಿ ದೋಚುತ್ತದೆ. ಪಾಕದಲ್ಲಿ ಒಂದೆರಡು ಕಡ್ಡಿ ತೇಲಿಸಿದರೆ ನೊಣ ಮುಳುಗಿ ಸಾಯುವುದಿಲ್ಲ.

ರೋಗದಲ್ಲಿ ನೆನಪಿಡಬೇಕಾದ್ದು ಥಾಯ್ ಸ್ಯಾಕ್ ಬ್ರೂಡ್. 1990ರ ದಶಕದ ಆರಂಭದಲ್ಲಿ ಇದೇ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿತು. ಸತ್ತ ಮರಿಹುಳು ಕೋಶದಲ್ಲಿ ತಲೆ ಮೇಲೆತ್ತಿ ದೋಣಿಯಂತೆ ಬಾಗಿರುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಜೋತುಬೀಳುತ್ತದೆ. ಇದಕ್ಕೆ ಔಷಧಿಯಿಲ್ಲ, ಆ್ಯಂಟಿಬಯಾಟಿಕ್ ಪುಡಿ ಹಾಕಿದರೆ ಜೇನು ಕೆಡುತ್ತದೆಯೇ ಹೊರತು ರೋಗ ಹೋಗದು. ಆ ಪೆಟ್ಟಿಗೆಯ ಚೌಕಟ್ಟನ್ನು ಬೇರೆಯದಕ್ಕೆ ಹಾಕಬೇಡಿ, ಅದನ್ನು ಕೊನೆಗೆ ಮುಟ್ಟಿ, ಕೈ ಮತ್ತು ಚಾಕು ತೊಳೆಯಿರಿ. ಹೊರಗಿನಿಂದ ಅಗ್ಗಕ್ಕೆ ಬಂದ ಕುಟುಂಬವನ್ನು ಕೂಡಲೇ ಹಳೆಯವುಗಳ ಪಕ್ಕ ಇಡದೆ ಒಂದು ತಿಂಗಳು ದೂರವಿಡುವುದೂ ಇದಕ್ಕಾಗಿಯೇ.

ಹೂಮಳೆ ಮತ್ತು ಕೊಯ್ಲು

ಫೆಬ್ರವರಿ-ಮಾರ್ಚ್‌ನ ಹೂಮಳೆಯೋ ತುಂತುರು ನೀರಾವರಿಯೋ ಆದ ಎಂಟು ಹತ್ತು ದಿನಕ್ಕೆ ರೊಬಸ್ಟಾ ಅರಳುತ್ತದೆ, ಕೆಲವೇ ದಿನದಲ್ಲಿ ಹೂ ಬಾಡುತ್ತದೆ. ಆ ದಿನಗಳಲ್ಲಿ ದುಡಿಯಲು ನೊಣ ಸೈನ್ಯ ಮೊದಲೇ ಸಿದ್ಧವಿರಬೇಕು, ಆದ್ದರಿಂದ ಜನವರಿ ಕೊನೆಯಿಂದಲೇ ತುಸು ಪಾಕ ಕೊಟ್ಟು ಕುಟುಂಬ ಬೆಳೆಸಿ. ಹೂ ಬಿಟ್ಟಾಗ ಪಾಕ ನಿಲ್ಲಿಸಿ ಜೇನುಕೋಣೆ ಏರಿಸಿ, ಇಲ್ಲವಾದರೆ ಸಕ್ಕರೆಯೇ ಜೇನುಕೋಣೆಗೆ ಸೇರುತ್ತದೆ. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಅದಕ್ಕೆ ಜೇನುನೊಣ ನೆರವಾಗುತ್ತದೆ. ಅಕ್ಕಪಕ್ಕದ ತೋಟದವರಿಗೆ ಇದನ್ನು ಹೇಳಿ, ಹೂ ಇರುವಾಗ ಕೀಟನಾಶಕ ಹೊಡೆಯದಂತೆ ಮೊದಲೇ ಕೇಳಿಕೊಳ್ಳಿ. ಬೆಳಿಗ್ಗೆ ಪೆಟ್ಟಿಗೆಯ ಮುಂದೆ ರಾಶಿ ನೊಣ ನಾಲಿಗೆ ಚಾಚಿ ಸತ್ತು ಬಿದ್ದಿದ್ದರೆ ಅದು ವಿಷದ ಗುರುತು.

ಜೇನು ತೆಗೆಯುವುದು ಎರಿಯ ಮುಕ್ಕಾಲು ಭಾಗಕ್ಕೆ ಮೇಣದ ಮುಚ್ಚಳ ಬಿದ್ದ ಮೇಲೆ ಮಾತ್ರ. ಮುಚ್ಚದ ಜೇನಿನಲ್ಲಿ ನೀರು ಹೆಚ್ಚು. ಚೌಕಟ್ಟನ್ನು ಅಡ್ಡ ಹಿಡಿದು ಒಮ್ಮೆ ಕೊಡವಿದರೆ ಹನಿ ಉದುರುತ್ತದೆ, ಅಂಥದ್ದನ್ನು ವಾಪಸ್ ಇಡಿ. ಅವಸರಕ್ಕೆ ತೆಗೆದ ಜೇನು ಬಾಟಲಿಯಲ್ಲಿ ನೊರೆಯೆದ್ದು ಹುಳಿ ವಾಸನೆ ಬರುತ್ತದೆ, ಒಂದು ಬಾಟಲಿ ಹಾಗಾದರೂ ಗಿರಾಕಿ ಮತ್ತೆ ಬರುವುದಿಲ್ಲ. ಸಂಸಾರ ಕೋಣೆಯ ಎರಿಯನ್ನು ಹಿಂಡಲೇಬೇಡಿ, ಅದು ನೊಣಗಳ ಮಳೆಗಾಲದ ಬುತ್ತಿ.

ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಮೇಣದ ಮುಚ್ಚಳ ಕೊಯ್ದು, ಕೈಯಿಂದ ತಿರುಗಿಸುವ ಯಂತ್ರದಲ್ಲಿ ನಿಧಾನವಾಗಿ ತಿರುಗಿಸಿ. ಜೋರಾಗಿ ತಿರುಗಿಸಿದರೆ ಎರಿ ಮುರಿಯುತ್ತದೆ, ಅದನ್ನು ಮತ್ತೆ ಕಟ್ಟಲು ನೊಣಗಳಿಗೆ ಬಹಳ ಜೇನು ವ್ಯಯವಾಗುತ್ತದೆ. ಯಂತ್ರವನ್ನು ಮೊದಲ ವರ್ಷ ಕೊಳ್ಳಬೇಡಿ, ನೆರೆಯವರಿಂದ ಒಂದು ದಿನಕ್ಕೆ ತನ್ನಿ. ತೆಳುಬಟ್ಟೆಯಲ್ಲಿ ಸೋಸಿ, ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ ಎರಡು ಮೂರು ದಿನ ಬಿಟ್ಟು, ಮೇಲೆ ತೇಲಿದ ನೊರೆ ತೆಗೆದು, ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ತುಂಬಿ.

ಮಾರಾಟ: ಪಾಸ್‌ಬುಕ್, ರಸೀದಿ ಪುಸ್ತಕ, ಗುಂಡಿ ಫೋನು

ಬಾಟಲಿ ಮಾಡಿ ಚೀಟಿ ಅಂಟಿಸಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಸಣ್ಣ ವ್ಯಾಪಾರಿ ನೋಂದಣಿ ಬೇಕು. ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಆಧಾರ್ ಮತ್ತು ಫೋಟೋ ಒಯ್ದರೆ ಅವರೇ ಅರ್ಜಿ ಹಾಕುತ್ತಾರೆ. ಒಟಿಪಿ ಗುಂಡಿ ಫೋನಿಗೂ ಬರುತ್ತದೆ. ಎದುರಿಗೆ ಕೂತವರು ನಿಮ್ಮ ಅರ್ಜಿಗಾಗಿ ಕೇಳಿದಾಗ ಮಾತ್ರ ಹೇಳಿ, ಫೋನಿನಲ್ಲಿ ಯಾರೇ ಕೇಳಿದರೂ ಹೇಳಬೇಡಿ. ಚೀಟಿಯಲ್ಲಿ ನೋಂದಣಿ ಸಂಖ್ಯೆ, ತೂಕ, ತುಂಬಿದ ದಿನ, ನಿಮ್ಮ ಹೆಸರು ವಿಳಾಸ ಇರಲಿ.

ಪೂರ್ತಿ ಜೇನನ್ನು ಒಂದೇ ಕಡೆ ಕೊಡಬೇಡಿ. ಅರ್ಧ ಭಾಗ ಜೇನು ಸಹಕಾರ ಸಂಘಕ್ಕೋ ಪರಿಚಿತ ಅಂಗಡಿಗೋ ಹೋಗಲಿ, ಅಲ್ಲಿ ಬೆಲೆ ಕಡಿಮೆ ಆದರೆ ಒಟ್ಟಿಗೆ ತೂಗಿ ಹಣ ಸಿಗುತ್ತದೆ. ಉಳಿದದ್ದನ್ನು ಊರಿನ ಹೋಂಸ್ಟೇಯವರಿಗೆ, ಮನೆಗೆ ಬರುವವರಿಗೆ ಕೊಡಿ. ಕಾರ್ಬನ್ ಹಾಳೆಯ ರಸೀದಿ ಪುಸ್ತಕ ಇಟ್ಟು ಯಾರಿಗೆ ಎಷ್ಟು, ಬಾಕಿ ಎಷ್ಟು ಎಂದು ಬರೆಯಿರಿ. ಪ್ರವಾಸಿಗರ ಕೈಯಲ್ಲಿ ನೋಟು ಇರುವುದು ಕಡಿಮೆ, ಅದಕ್ಕೆ ಬ್ಯಾಂಕಿನಲ್ಲಿ ಕೇಳಿ ಕ್ಯೂಆರ್ ಹಲಗೆ ಮತ್ತು ಹಣ ಬಂದಾಗ ಕೂಗಿ ಹೇಳುವ ಸೌಂಡ್ ಬಾಕ್ಸ್ ಹಾಕಿಸಿಕೊಳ್ಳಬಹುದು. ಅದು ಬೇರೆ ಸಿಮ್‌ನಲ್ಲಿ ನಡೆಯುತ್ತದೆ, ಮನೆಯಲ್ಲಿ ಸಿಗ್ನಲ್ ಸಿಗುತ್ತದೆಯೇ, ಬಾಡಿಗೆ ಎಷ್ಟು ಎಂದು ಮೊದಲು ವಿಚಾರಿಸಿ. ಗಿರಾಕಿ ತನ್ನ ಪರದೆ ತೋರಿಸಿ ಹಣ ಹೋಯಿತು ಎಂದರೆ ನಂಬಬೇಡಿ, ಸೌಂಡ್ ಬಾಕ್ಸ್ ಮೊತ್ತ ಹೇಳಿದ ಮೇಲೆ ಬಾಟಲಿ ಕೊಡಿ. ಹಣ ಪಡೆಯಲು ಯಾವ ಪಿನ್ನೂ ಒತ್ತಬೇಕಿಲ್ಲ, ಒತ್ತಲು ಹೇಳಿದವನು ಮೋಸಗಾರ. ಹದಿನೈದು ದಿನಕ್ಕೊಮ್ಮೆ ಪಾಸ್‌ಬುಕ್ ಮುದ್ರಿಸಿ ರಸೀದಿಗೆ ತಾಳೆ ನೋಡಿ.

ನಾಲ್ಕು ಪೆಟ್ಟಿಗೆಯ ಮೂರು ವರ್ಷದ ಲೆಕ್ಕ

ಅಮ್ಮತ್ತಿ ಕಡೆ ಒಂದೂವರೆ ಎಕರೆ ರೊಬಸ್ಟಾ ಇರುವವರು ನವೆಂಬರ್‌ನಲ್ಲಿ ನಾಲ್ಕು ಪೆಟ್ಟಿಗೆಯಿಂದ ಶುರು ಮಾಡಿದರು ಎಂದಿಟ್ಟುಕೊಳ್ಳೋಣ. ಸಹಾಯಧನವಿಲ್ಲದೆ ಪೆಟ್ಟಿಗೆ, ಸ್ಟ್ಯಾಂಡ್, ಕುಟುಂಬ ಸೇರಿ ಒಂದಕ್ಕೆ 4,500 ರೂಪಾಯಿ ಹಿಡಿದರೆ 18,000. ಹೊಗೆಡಬ್ಬಿ, ಮುಖದ ಬಲೆ, ಚಾಕು 2,000. ಮೊದಲ ಏಪ್ರಿಲ್‌ನಲ್ಲಿ ಕೈ ಪಳಗದೆ ಪೆಟ್ಟಿಗೆಗೆ ಮೂರು ಕಿಲೋ ಸಿಕ್ಕರೆ ಹನ್ನೆರಡು ಕಿಲೋ. ಕಿಲೋಗೆ ಸರಾಸರಿ 500 ರೂಪಾಯಿಯಂತೆ 6,000. ಮಳೆಗಾಲದಲ್ಲಿ ಒಂದು ಕುಟುಂಬ ಹೋಯಿತು ಎಂದು ಹಿಡಿಯಿರಿ, ಹೊಸಬರಿಗೆ ಇದು ಸಾಮಾನ್ಯ. ಸಕ್ಕರೆಗೆ ಆರು ನೂರು ರೂಪಾಯಿಯ ಆಸುಪಾಸು.

ಉಳಿದ ಮೂರನ್ನು ಹುತ್ತರಿ ಕಳೆದ ಮೇಲೆ ಪಾಲು ಮಾಡಿ ಆರು ಮಾಡುತ್ತಾರೆ. ಎರಿಯ ಕೆಳಅಂಚಿನಲ್ಲಿ ಕಡಲೆಕಾಯಿಯಂತೆ ಜೋತಾಡುವ ರಾಣಿಕೋಶ ಕಂಡಾಗ, ಹಳೆ ರಾಣಿಯನ್ನು ಮೂರು ಚೌಕಟ್ಟಿನ ಜೊತೆ ಹೊಸ ಪೆಟ್ಟಿಗೆಗೆ ಸೇರಿಸಿ ದೂರವಿಡಬೇಕು. ಒಳ್ಳೆಯ ರಾಣಿಕೋಶ ಒಂದೆರಡು ಮಾತ್ರ ಹಳೆ ಜಾಗದಲ್ಲಿ ಬಿಟ್ಟು ಉಳಿದವನ್ನು ಕಿತ್ತುಹಾಕಬೇಕು. ಹೊಸ ರಾಣಿ ಹುಟ್ಟಿ, ಹಾರಿ ಕೂಡಿ ಬಂದು ಮೊಟ್ಟೆ ಇಡಲು ಎರಡು ಮೂರು ವಾರ ಬೇಕು. ಇಪ್ಪತ್ತೈದು ದಿನವಾದರೂ ಮೊಟ್ಟೆ ಕಾಣದಿದ್ದರೆ ಅವಳು ಹಕ್ಕಿಯ ಬಾಯಿಗೆ ಬಿದ್ದಿರಬಹುದು, ಆಗ ಆ ಪೆಟ್ಟಿಗೆಯನ್ನು ಇನ್ನೊಂದಕ್ಕೆ ಕೂಡಿಸಬೇಕು. ಎರಡನೆಯ ಏಪ್ರಿಲ್‌ನಲ್ಲಿ ಹಳೆಯ ಮೂರರಿಂದ ಹದಿನೈದು, ಹೊಸ ಮೂರರಿಂದ ಆರು, ಒಟ್ಟು ಇಪ್ಪತ್ತೊಂದು ಕಿಲೋ, 10,500 ರೂಪಾಯಿ. ಹೊಸ ಪೆಟ್ಟಿಗೆ ಮೂರಕ್ಕೆ 7,500 ಖರ್ಚಾಗಿರುತ್ತದೆ. ಅಂದರೆ ಎರಡು ವರ್ಷ ಕೈಗೆ ಉಳಿಯುವುದು ಏನೂ ಇಲ್ಲ, ಹಾಕಿದ ಹಣವೂ ಪೂರ್ತಿ ಬಂದಿರುವುದಿಲ್ಲ.

ಮೂರನೆಯ ವರ್ಷಕ್ಕೆ ಹತ್ತು ಪೆಟ್ಟಿಗೆಯಾದರೆ, ಪೆಟ್ಟಿಗೆಗೆ ಐದು ಕಿಲೋ ಸಿಕ್ಕರೆ, ಐವತ್ತು ಕಿಲೋಗೆ 25,000 ರೂಪಾಯಿ. ಅಲ್ಲಿಂದ ಹತ್ತಕ್ಕೇ ನಿಲ್ಲಿಸುವುದು ಒಳ್ಳೆಯದು. ಹತ್ತು ಪೆಟ್ಟಿಗೆಯ ತಪಾಸಣೆ ಒಂದು ಬೆಳಿಗ್ಗೆಗೆ ಮುಗಿಯುತ್ತದೆ, ಇಪ್ಪತ್ತಾದರೆ ಆಳು ಬೇಕು, ಒಂದೂವರೆ ಎಕರೆಯ ಸುತ್ತಲ ಹೂವೂ ಹಂಚಿಹೋಗುತ್ತದೆ. ಪ್ರತಿ ಹುತ್ತರಿಯ ನಂತರ ಪಾಲಾದ ನಾಲ್ಕು ಕುಟುಂಬಗಳನ್ನು ಹೊಸದಾಗಿ ಶುರು ಮಾಡುವವರಿಗೆ ಪೆಟ್ಟಿಗೆ ಅವರದ್ದೇ ತರಿಸಿಕೊಂಡು ಮಾರಿದರೆ, ಒಂದಕ್ಕೆ 1,500 ಹಿಡಿದರೂ 6,000. ಈ ಹಣ ಬರುವುದು ಡಿಸೆಂಬರ್-ಜನವರಿಯಲ್ಲಿ, ಜೇನಿನ ಹಣ ಬರುವುದಕ್ಕೆ ನಾಲ್ಕು ತಿಂಗಳು ಮೊದಲು. ಕೊಳ್ಳುವವರಿಗೆ ಹೊಸ ರಾಣಿಯ ಮೊಟ್ಟೆ ತೋರಿಸಿಯೇ ಕೊಡಿ, ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿ.